ಸಣ್ಣ ಮಣಿಕಟ್ಟಿಗೆ ವಾಚ್: ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆಯ ನಮ್ಮ ವಾಚ್ ರಿಪೇರಿ ಅಂಗಡಿಗೆ ಬರುವವರಲ್ಲಿ ಕೆಟ್ಟ ವಾಚ್ ತರುವವರಷ್ಟೇ ಮಂದಿ ದೊಡ್ಡದಾದ ವಾಚನ್ನೂ ತರುತ್ತಾರೆ. ಹೆಚ್ಚಿನವು ಗಲ್ಫಿನಿಂದ ಅಣ್ಣನೋ ಚಿಕ್ಕಪ್ಪನೋ ಪ್ರೀತಿಯಿಂದ ತಂದವು. ವಾಚ್ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೆ ಕೈಯಲ್ಲಿ ಕೂರುವುದಿಲ್ಲ. ಮಣಿಕಟ್ಟಿನ ಸುತ್ತಳತೆ 16 ಸೆಂ.ಮೀ.ಗಿಂತ ಕಡಿಮೆ ಇರುವವರು, ಗಂಡಸರಾಗಲಿ ಹೆಂಗಸರಾಗಲಿ, ಕೇಳುವ ಪ್ರಶ್ನೆಗಳು ಇಲ್ಲಿವೆ.

ನನ್ನ ಕೈಗೆ ಎಷ್ಟು ಮಿ.ಮೀ. ವಾಚ್ ಸರಿಯಾಗುತ್ತದೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ, ಮತ್ತು ಕೇಳುವಾಗ ಅವರ ಮನಸ್ಸಿನಲ್ಲಿ ಇರುವುದು ಕೇಸಿನ, ಅಂದರೆ ವಾಚಿನ ದುಂಡು ಒಡಲಿನ, ವ್ಯಾಸ. ಅಂಗಡಿಯ ಪೆಟ್ಟಿಗೆಯ ಮೇಲೂ ಜಾಹೀರಾತಿನಲ್ಲೂ ಬರೆದಿರುವುದು ಆ ಒಂದೇ ಸಂಖ್ಯೆ. ಆದರೆ ಸಣ್ಣ ಕೈಯವರು ಮೊದಲು ನೋಡಬೇಕಾದ ಅಳತೆ ಅದಲ್ಲ.

ವಾಚನ್ನು ಎಡಗೈಗೆ ಕಟ್ಟಿ ನೋಡಿ. 9ರಿಂದ 3ರ ಕಡೆಗೆ ಹೋಗುವ ಗೆರೆ ನಿಮ್ಮ ತೋಳಿನ ಉದ್ದಕ್ಕೆ ಮಲಗುತ್ತದೆ. ತೋಳಿನ ಉದ್ದಕ್ಕೆ ಜಾಗಕ್ಕೇನೂ ಬರ ಇಲ್ಲ. 12ರಿಂದ 6ರ ಕಡೆಗೆ ಹೋಗುವ ಗೆರೆ ಮಣಿಕಟ್ಟಿಗೆ ಅಡ್ಡಲಾಗಿ ಮಲಗುತ್ತದೆ, ಜಾಗ ಮುಗಿಯುವುದು ಅಲ್ಲಿ. ಆ ದಿಕ್ಕಿನಲ್ಲಿ ಎಲ್ಲಕ್ಕಿಂತ ಹೊರಗೆ ಚಾಚಿರುವುದು ಕೇಸ್ ಅಲ್ಲ, ಬೆಲ್ಟಿನ ಪಿನ್ ಕೂರುವ ನಾಲ್ಕು ಕೊಂಬುಗಳು, ಅಂದರೆ ಲಗ್‌ಗಳು. ಮೇಲಿನ ಲಗ್ಗಿನ ತುದಿಯಿಂದ ಕೆಳಗಿನ ಲಗ್ಗಿನ ತುದಿಯವರೆಗಿನ ಉದ್ದವನ್ನು ಲಗ್-ಟು-ಲಗ್ ಎನ್ನುತ್ತಾರೆ. ಈ ಉದ್ದ ನಿಮ್ಮ ಮಣಿಕಟ್ಟಿನ ಅಗಲಕ್ಕಿಂತ ಕಡಿಮೆ ಇದ್ದರೆ ವಾಚ್ ಕೂರುತ್ತದೆ, ಹೆಚ್ಚಾದರೆ ಅದರ ಬೆಲೆ ಎಷ್ಟೇ ಇರಲಿ ಕೂರುವುದಿಲ್ಲ.

ವ್ಯಾಸ ಕಡಿಮೆ ಇದ್ದರೆ ಲಗ್-ಟು-ಲಗ್ ಕೂಡ ಕಡಿಮೆ ಇರುವುದಿಲ್ಲವೇ?

ಇರಲೇಬೇಕೆಂದಿಲ್ಲ. ಸೀಕೋ ಕಂಪನಿಯ ಎಸ್‌ಕೆಎಕ್ಸ್007 ಎಂಬ ಹೆಸರಾಂತ ಡೈವಿಂಗ್ ವಾಚಿನ ವ್ಯಾಸ 42.5 ಮಿ.ಮೀ. ಅದರ ಲಗ್-ಟು-ಲಗ್ ಸುಮಾರು 46 ಮಿ.ಮೀ. ಮಾತ್ರ, ಏಕೆಂದರೆ ಲಗ್‌ಗಳು ಗಿಡ್ಡ. ಹ್ಯಾಮಿಲ್ಟನ್ ಕಂಪನಿಯ ಖಾಕಿ ಫೀಲ್ಡ್ ಮೆಕ್ಯಾನಿಕಲ್ ವಾಚಿನ ವ್ಯಾಸ 38 ಮಿ.ಮೀ., ಆದರೆ ಲಗ್‌ಗಳು ನೀಳ, ಹಾಗಾಗಿ ತುದಿಯಿಂದ ತುದಿಗೆ ಸುಮಾರು 47 ಮಿ.ಮೀ. ಕಾಗದದ ಮೇಲೆ ನಾಲ್ಕೂವರೆ ಮಿ.ಮೀ. ಸಣ್ಣದಾದ ವಾಚ್ ಕೈಯ ಮೇಲೆ ಒಂದು ಮಿ.ಮೀ. ಉದ್ದವಾಗಿದೆ. ಗಾಜಿನ ಸುತ್ತಲಿನ ಬಳೆ, ಅಂದರೆ ಬೆಜೆಲ್, ತೆಳುವಾಗಿದ್ದು ದೊಡ್ಡ ಡಯಲ್, ಸಪೂರ ನೀಳ ಲಗ್ ಇರುವ ಸರಳ ವಾಚುಗಳಲ್ಲಿ ಈ ಮೋಸ ಹೆಚ್ಚು. ನೋಡಲು ಸೌಮ್ಯವಾಗಿರುವುದರಿಂದ ಸಣ್ಣದೆಂದು ನಂಬಿಬಿಡುತ್ತೇವೆ.

ಮಣಿಕಟ್ಟನ್ನು ಅಳೆಯುವುದು ಹೇಗೆ?

ಎರಡು ಅಳತೆ ಬೇಕು. ಸುತ್ತಳತೆಗೆ ಒಂದು ಕಾಗದದ ಪಟ್ಟಿ ಸಾಕು. ಕಿರುಬೆರಳಿನ ಕಡೆ ಮಣಿಕಟ್ಟಿನಲ್ಲಿ ಉಬ್ಬಿಕೊಂಡಿರುವ ಎಲುಬು ಇದೆಯಲ್ಲ, ಅದಕ್ಕಿಂತ ತುಸು ಮೊಣಕೈ ಕಡೆಗೆ, ನೀವು ನಿಜವಾಗಿ ವಾಚ್ ಕಟ್ಟುವ ಜಾಗದಲ್ಲಿ ಪಟ್ಟಿಯನ್ನು ಸುತ್ತಿ, ಒಂದರ ಮೇಲೊಂದು ಬರುವಲ್ಲಿ ಗುರುತು ಹಾಕಿ, ಬಿಡಿಸಿ ಸ್ಕೇಲಿನಲ್ಲಿ ಅಳೆಯಿರಿ. ನೂಲು ಎಳೆದಂತೆ ಹಿಗ್ಗುತ್ತದೆ, ಕಾಗದ ಹಿಗ್ಗುವುದಿಲ್ಲ.

ಅಗಲವೇ ಮುಖ್ಯ ಅಳತೆ. ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಎರಡೂ ಬದಿಗೆ ಎರಡು ಪುಸ್ತಕಗಳನ್ನು ಮುಟ್ಟುವಂತೆ ನಿಲ್ಲಿಸಿ, ಒತ್ತಬೇಡಿ. ಕೈಯನ್ನು ಹಿಂದಕ್ಕೆ ತೆಗೆದು ಪುಸ್ತಕಗಳ ನಡುವಿನ ಅಂತರವನ್ನು ಅಳೆಯಿರಿ. ವರ್ನಿಯರ್ ಕ್ಯಾಲಿಪರ್ ಇದ್ದವರು ಅದನ್ನೇ ಬಳಸಬಹುದು. ಏನೂ ಇಲ್ಲದಿದ್ದರೆ ಕಿಸೆಯಲ್ಲಿರುವ ಎಟಿಎಂ ಕಾರ್ಡ್ ಸಾಕು. ಅದರ ಗಿಡ್ಡ ಬದಿ 54 ಮಿ.ಮೀ. ಆ ಬದಿಯನ್ನು ಮಣಿಕಟ್ಟಿಗೆ ಅಡ್ಡವಾಗಿಟ್ಟು ಮೇಲಿನಿಂದ ನೋಡಿ. ಕಾರ್ಡ್ ಎರಡೂ ಕಡೆ ಹೊರಗೆ ಇಣುಕಿದರೆ ನಿಮ್ಮ ಅಗಲ 54ಕ್ಕಿಂತ ಕಡಿಮೆ, ನೀವು ಓದುತ್ತಿರುವುದು ಸರಿಯಾದ ಪುಟವನ್ನೇ.

ಅಳತೆಯನ್ನು ಸಂಜೆ ತೆಗೆಯಿರಿ. ನಮ್ಮ ಕರಾವಳಿಯ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಕೈ ಸ್ವಲ್ಪ ಊದಿಕೊಂಡಿರುತ್ತದೆ, ಬೆಳಗ್ಗೆ ಎದ್ದ ಕೂಡಲೇ ಅಳೆದರೆ ಬೆಲ್ಟ್ ಸಂಜೆಗೆ ಬಿಗಿಯಾಗುತ್ತದೆ.

ಸುತ್ತಳತೆ ಒಂದೇ ಇರುವ ಇಬ್ಬರಿಗೆ ಒಂದೇ ವಾಚ್ ಹೊಂದುತ್ತದೆಯೇ?

ಇಲ್ಲ, ಅದಕ್ಕಾಗಿಯೇ ಅಗಲವನ್ನು ಬೇರೆ ಅಳೆಯಲು ಹೇಳಿದ್ದು. ಸುತ್ತಳತೆ 15 ಸೆಂ.ಮೀ. ಎಂದಿಟ್ಟುಕೊಳ್ಳಿ. ಮಣಿಕಟ್ಟು ಸಂಪೂರ್ಣ ದುಂಡಗಿದ್ದರೆ ಅಗಲ 48 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅದೇ 15 ಸೆಂ.ಮೀ. ಮಣಿಕಟ್ಟು ಚಪ್ಪಟೆಯಾಗಿ, 40 ಮಿ.ಮೀ. ದಪ್ಪ ಇದ್ದರೆ ಅಗಲ 54–55 ಮಿ.ಮೀ. ಆಗುತ್ತದೆ. ಇದರ ಮೇಲೆ ಇನ್ನೊಂದು ವಿಷಯವಿದೆ. ದುಂಡು ಕೈಯ ಮೇಲ್ಭಾಗ ಕೂಡಲೇ ಇಳಿಜಾರಾಗುತ್ತದೆ, ಚಪ್ಪಟೆ ಕೈಯ ಮೇಲೆ ವಾಚಿಗೆ ಕೂರಲು ಸಮತಟ್ಟಾದ ಜಾಗ ಸಿಗುತ್ತದೆ. ಆದ್ದರಿಂದ 15 ಸೆಂ.ಮೀ. ಕೈಯ ಒಬ್ಬರು 48 ಮಿ.ಮೀ. ಲಗ್-ಟು-ಲಗ್ ವಾಚನ್ನು ಆರಾಮವಾಗಿ ಹಾಕಿಕೊಂಡರೆ ಇನ್ನೊಬ್ಬರಿಗೆ 45 ಕೂಡ ಹೆಚ್ಚೆನಿಸಬಹುದು. ಇಂಟರ್‌ನೆಟ್ಟಿನಲ್ಲಿ ಕಾಣುವ, ಇಷ್ಟು ಸುತ್ತಳತೆಗೆ ಇಷ್ಟು ವ್ಯಾಸ ಎಂಬ ಕೋಷ್ಟಕಗಳ ಮೇಲೆ ನನಗೆ ಗೌರವ ಕಡಿಮೆ.

ಹಾಗಾದರೆ ಅಗಲಕ್ಕಿಂತ ಎಷ್ಟು ಕಡಿಮೆ ಇರಬೇಕು?

ನಾನು ಹೇಳುವ ಲೆಕ್ಕ ಸುಲಭ: ಲಗ್-ಟು-ಲಗ್ ನಿಮ್ಮ ಅಗಲಕ್ಕಿಂತ 3–4 ಮಿ.ಮೀ. ಕಡಿಮೆ ಇರಲಿ. ಅಷ್ಟಿದ್ದರೆ ಬೆಲ್ಟ್ ಲಗ್ಗಿನಿಂದ ಹೊರಬಂದ ಮೇಲೆ ಕೆಳಕ್ಕೆ ಬಾಗಲು ಎರಡೂ ಬದಿಯಲ್ಲಿ ಒಂದೂವರೆ, ಎರಡು ಮಿ.ಮೀ. ಜಾಗ ಉಳಿಯುತ್ತದೆ. ಸಮಸಮ ಇದ್ದರೆ ಲಗ್ಗಿನ ಆಕಾರದ ಮೇಲೆ ಅವಲಂಬಿಸಿದೆ. ಅಗಲವನ್ನು ಮೀರಿದರೆ ಬಿಡಿ.

ಲಗ್ಗಿನ ಆಕಾರ ತಿಳಿಯಲು ವಾಚಿನ ಬೆಲ್ಟನ್ನು ಬದಿಗೆ ಸರಿಸಿ, ಅಥವಾ ಅಂಗಡಿಯವರಿಂದ ಬಿಚ್ಚಿಸಿ, ಗಾಜಿನ ಕೌಂಟರಿನ ಮೇಲೆ ಬೆನ್ನು ಕೆಳಗಾಗಿ ಇಡಿ. ಲಗ್ಗಿನ ತುದಿಗಳು ಗಾಜನ್ನು ಮುಟ್ಟುತ್ತಿವೆಯೇ, ಅಥವಾ ಹಿಂದಿನ ಮುಚ್ಚಳದ ಮೇಲೆ ವಾಚ್ ನಿಂತು ಲಗ್‌ಗಳು ಗಾಳಿಯಲ್ಲಿವೆಯೇ? ಒಂದು ಕಾಗದದ ತುಂಡನ್ನು ತುದಿಯ ಅಡಿಗೆ ತೂರಿಸಿ ನೋಡಿದರೆ ಗೊತ್ತಾಗುತ್ತದೆ. ಮುಟ್ಟುವ ಲಗ್‌ಗಳು ಕೈಯನ್ನು ತಬ್ಬಿಕೊಂಡು ಇಳಿಯುತ್ತವೆ. ಗಾಳಿಯಲ್ಲಿರುವ ಲಗ್‌ಗಳು ಸಣ್ಣ ಕೈಯ ಮೇಲೆ ಅಡ್ಡಗೋಡೆಯ ಮೇಲಿಟ್ಟ ಹಲಗೆಯಂತೆ ಎರಡೂ ಕಡೆ ಚಾಚಿ ನಿಲ್ಲುತ್ತವೆ, ಅಡಿಯಲ್ಲಿ ಬೆಳಕು ಕಾಣಿಸುತ್ತದೆ.

ಚೈನ್ ಇರುವ ವಾಚಿಗೂ ಇದೇ ಲೆಕ್ಕವೇ?

ಚೈನಿನ ವಿಷಯದಲ್ಲಿ ಸಂಖ್ಯೆಯನ್ನು ನಂಬಬೇಡಿ. ಕೇಸಿಗೆ ಸೇರುವ ಮೊದಲ ಕೊಂಡಿ ಎಷ್ಟು ಮಡಚಿಕೊಳ್ಳುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅದು ಲಗ್ಗಿನ ಒಳಗೇ ಕೆಳಕ್ಕೆ ತಿರುಗಿದರೆ ಲಗ್-ಟು-ಲಗ್ ಲೆಕ್ಕವೇ ಸಾಕು. ತಿರುಗದೆ ನೇರ ಹೊರಗೆ ಚಾಚಿದರೆ ಆ ಕೊಂಡಿಯ ಉದ್ದವೂ ವಾಚಿನ ಉದ್ದಕ್ಕೆ ಸೇರಿತು.

ಟಿಸ್ಸೋ ಪಿಆರ್‌ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಮಾದರಿಯ ವ್ಯಾಸ ಸುಮಾರು 40 ಮಿ.ಮೀ., ಕೇಸಿನ ಉದ್ದ 44–45 ಎಂದು ಕಾಣುತ್ತದೆ. ಆದರೆ ಮೊದಲ ಕೊಂಡಿ ಗಟ್ಟಿಯಾಗಿ ಹೊರಗೆ ನಿಲ್ಲುವುದರಿಂದ ಕೈಯ ಮೇಲೆ ಅದು ಸುಮಾರು 51 ಮಿ.ಮೀ. ವಾಚಿನಂತೆ ವರ್ತಿಸುತ್ತದೆ. ಸಣ್ಣ ಕೈಯವರಿಗೆ ಅದೇ ವಾಚಿನ 35 ಮಿ.ಮೀ. ಮಾದರಿ ಇದೆ. ಅದನ್ನು ಹೆಂಗಸರದ್ದೆಂದು ತಿರಸ್ಕರಿಸಿ ಹೋದ ಯುವಕರನ್ನು ನೋಡಿದ್ದೇನೆ, ನನಗೆ ಕಾರಣ ಅರ್ಥವಾಗಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಇಷ್ಟೇ. ವಾಚನ್ನು 12ರ ಬದಿಯ ಚೈನ್ ಹಿಡಿದು ನೇತುಹಾಕಿ, ಮೊದಲ ಕೊಂಡಿಯನ್ನು ಬೆರಳಿನಿಂದ ಹಿಂದಕ್ಕೆ ಮಡಚಿ. ಎಲ್ಲಿ ನಿಲ್ಲುತ್ತದೋ ಆ ಬಿಂದುವಿನಿಂದ ಇನ್ನೊಂದು ಬದಿಯ ಅದೇ ಬಿಂದುವಿನವರೆಗೆ ಅಳೆಯಿರಿ. ನಿಮ್ಮ ನಿಜವಾದ ಲಗ್-ಟು-ಲಗ್ ಅದು.

ಒಂದು ಉದಾಹರಣೆಯಲ್ಲಿ ಲೆಕ್ಕ ಮಾಡಿ ತೋರಿಸುತ್ತೀರಾ?

ಬದಿಯಡ್ಕ ಕಡೆಯ ಒಬ್ಬ ಹುಡುಗ, ಮಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನು. ಸುತ್ತಳತೆ 15.2 ಸೆಂ.ಮೀ., ಅಗಲ 49 ಮಿ.ಮೀ., ಅಂದರೆ ಹೆಚ್ಚುಕಡಿಮೆ ದುಂಡು ಕೈ. ದುಬಾಯಿಯಿಂದ ಚಿಕ್ಕಪ್ಪ ಕಳಿಸಿದ ವಾಚಿನ ವ್ಯಾಸ 42 ಮಿ.ಮೀ., ಲಗ್-ಟು-ಲಗ್ 50, ದಪ್ಪ 13, ಉಕ್ಕಿನ ಚೈನ್. ಅವನ ದೂರು: ಚೈನಿನ ಕೊಂಡಿ ಎಷ್ಟು ತೆಗೆಸಿದರೂ ವಾಚ್ ತಿರುಗಿ ಕೈಯ ಬದಿಗೆ ಜಾರುತ್ತದೆ.

ಕೊಂಡಿ ತೆಗೆಸಿದಷ್ಟೂ ಅದು ಜಾರುವುದು ನಿಲ್ಲುವುದಿಲ್ಲ, ಯಾಕೆಂದು ನೋಡಿ. 50 ಎಂಬುದು ಅಗಲಕ್ಕಿಂತ ಒಂದು ಮಿ.ಮೀ. ಹೆಚ್ಚು. ಅದರ ಮೇಲೆ ಮೊದಲ ಕೊಂಡಿ ಎರಡೂ ಕಡೆ ಸುಮಾರು 2 ಮಿ.ಮೀ. ಹೊರಗೆ ಚಾಚಿತ್ತು, ಹಾಗಾಗಿ ಕೈಯ ಮೇಲಿನ ಉದ್ದ 54. ಅಗಲ 49. ಚೈನ್ ಎರಡೂ ಬದಿಗೆ ಎರಡೂವರೆ ಮಿ.ಮೀ. ಆಚೆಯಿಂದ ಕೆಳಕ್ಕಿಳಿಯುತ್ತದೆ, ಮಣಿಕಟ್ಟಿನ ಬದಿಗಳನ್ನು ಮುಟ್ಟುವುದೇ ಇಲ್ಲ. ವಾಚನ್ನು ಹಿಡಿದಿಡಲು ಮೇಲೆ ಮುಚ್ಚಳ, ಕೆಳಗೆ ಬಕಲ್, ಎರಡೇ ಜಾಗ. ಬಿಗಿ ಮಾಡಿದರೆ ಆ ಎರಡು ಜಾಗ ನೋಯುತ್ತವೆ, ಬದಿ ಖಾಲಿಯಾಗಿಯೇ ಇರುತ್ತದೆ. ಅದರ ಮೇಲೆ 13 ಮಿ.ಮೀ. ದಪ್ಪ, ಎತ್ತರದಲ್ಲಿ ಭಾರ. ಜಾರದೆ ಇನ್ನೇನು ಮಾಡೀತು.

ಚೈನ್ ತೆಗೆದು ಮೆದುವಾದ ಚರ್ಮದ ಬೆಲ್ಟ್ ಹಾಕಿದಾಗ 54 ಇದ್ದದ್ದು 50ಕ್ಕೆ ಇಳಿಯಿತು, ಭಾರವೂ ತಗ್ಗಿತು. ಜಾರುವುದು ಬಹುಮಟ್ಟಿಗೆ ನಿಂತಿತು. ಆದರೂ ಲಗ್‌ಗಳು ಅಂಚಿನಲ್ಲೇ ಇವೆ, ಅದನ್ನು ಯಾವ ಬೆಲ್ಟೂ ಸರಿಪಡಿಸದು. ಅವನು ಅದನ್ನು ಮದುವೆ ಮುಂಜಿಗಳಿಗೆ ಇಟ್ಟುಕೊಂಡು ದಿನಬಳಕೆಗೆ ಬೇರೆ ವಾಚ್ ನೋಡಿದ. ಮುಂದಿಟ್ಟದ್ದು ಎರಡು: 38 ವ್ಯಾಸ, 47 ಲಗ್-ಟು-ಲಗ್, ಲಗ್‌ಗಳು ಗಾಳಿಯಲ್ಲಿರುವಂಥದು ಒಂದು. 40 ವ್ಯಾಸ, 45 ಲಗ್-ಟು-ಲಗ್, ಲಗ್‌ಗಳು ಕೆಳಕ್ಕೆ ಬಾಗಿದ್ದು ಇನ್ನೊಂದು. ಸಣ್ಣ ಕೈಗೆ ಸಣ್ಣ ವ್ಯಾಸ ಎಂದು ಅವನು ಮೊದಲು ಕೈ ಹಾಕಿದ್ದು 38ಕ್ಕೆ, ಕಟ್ಟಿ ನೋಡಿದ ಮೇಲೆ ಕೊಂಡದ್ದು 40ನ್ನು.

ದಪ್ಪ ಎಷ್ಟಿದ್ದರೆ ಹೆಚ್ಚು?

ದುಂಡು ಸಣ್ಣ ಕೈಗೆ 12 ಮಿ.ಮೀ. ದಾಟಿದರೆ ಯೋಚಿಸಿ. ಆದರೆ ದಪ್ಪ ಎಲ್ಲಿದೆ ಎಂಬುದನ್ನೂ ನೋಡಬೇಕು. ಉಬ್ಬಿದ ಗಾಜಿನಿಂದ ಬಂದ ದಪ್ಪ ಕಣ್ಣಿಗೆ ಅಷ್ಟು ಕಾಣುವುದಿಲ್ಲ. ಹಿಂದಿನ ಮುಚ್ಚಳ ಉಬ್ಬಿದ್ದರೆ ವಾಚ್ ಕೈಯಿಂದ ಮೇಲೆದ್ದು ನಿಂತು ಅಲುಗಾಡುತ್ತದೆ. ತುಂಬುತೋಳಿನ ಅಂಗಿ ಹಾಕುವವರು ಕಫ್ ಒಳಗೆ ಹೋಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.

ಬೆಲ್ಟಿನ ಕೊನೆಯ ತೂತಿಗೆ ಹಾಕಿದರೂ ಸಡಿಲ. ಹೊಸ ತೂತು ಹೊಡೆಸಬಹುದೇ?

ಹೊಡೆಸಬಹುದು, ಆದರೆ ಸಾಮಾನ್ಯವಾಗಿ ಅದು ತಪ್ಪು ಮದ್ದು. ಬೆಲ್ಟಿಗೆ ಎರಡು ತುಂಡು: ಬಕಲ್ ಇರುವ ಗಿಡ್ಡ ತುಂಡು, ತೂತಿರುವ ಉದ್ದ ತುಂಡು. ಪೇಟೆಯಲ್ಲಿ ಸಿಗುವ ಸಾಮಾನ್ಯ ಬೆಲ್ಟ್ 75 ಮತ್ತು 120 ಮಿ.ಮೀ. ಇದನ್ನು 15 ಸೆಂ.ಮೀ. ಕೈಗೆ ಲೆಕ್ಕ ಹಾಕೋಣ. ಬೆಲ್ಟಿನ ದಪ್ಪ, ಸ್ವಲ್ಪ ಸಡಿಲ ಸೇರಿ ಒಟ್ಟು ಸುತ್ತು ಸುಮಾರು 160 ಬೇಕು. ವಾಚಿನ ಎರಡು ಪಿನ್‌ಗಳ ನಡುವಿನ ಅಂತರ 40 ಎಂದಿಟ್ಟುಕೊಂಡರೆ ಬೆಲ್ಟಿಗೆ ಉಳಿಯುವುದು 120. ಬಕಲ್ ಮಣಿಕಟ್ಟಿನ ಅಡಿಯಲ್ಲಿ ನಡುವೆ ಬರಬೇಕಾದರೆ ಎರಡೂ ತುಂಡಿನ ಪಾಲು 60–60. ಗಿಡ್ಡ ತುಂಡೇ 75 ಇದ್ದರೆ ಬಕಲ್ ನಡುವನ್ನು ದಾಟಿ ಹೆಬ್ಬೆರಳಿನ ಕಡೆಗೆ 15 ಮಿ.ಮೀ. ಹೋಗುತ್ತದೆ. ಉದ್ದ ತುಂಡಿನಲ್ಲಿ ಲಗ್ಗಿನಿಂದ 45 ಮಿ.ಮೀ.ನಲ್ಲೇ ತೂತು ಬೇಕಾಗುತ್ತದೆ, ಉಳಿದ 75 ಮಿ.ಮೀ. ಬಾಲ ಕೈಯನ್ನು ಸುತ್ತಿ ಆಚೆ ಬದಿಯಲ್ಲಿ ಇಣುಕುತ್ತದೆ.

ಹೊಸ ತೂತು ಸಡಿಲವನ್ನು ಮಾತ್ರ ತೆಗೆಯುತ್ತದೆ, ಬಕಲ್ ಜಾಗಕ್ಕೆ ಬರುವುದಿಲ್ಲ. ಗಿಡ್ಡ ಬೆಲ್ಟ್ ಕೇಳಿ. 65 ಮತ್ತು 105ರ ಆಸುಪಾಸಿನದ್ದು ಸಿಕ್ಕಿದರೆ ಬಕಲ್ ಹೆಚ್ಚುಕಡಿಮೆ ನಡುವೆ ಬರುತ್ತದೆ, ಬಾಲವೂ ಗಿಡ್ಡ. ಇಲ್ಲಿ ಸಿಗದಿದ್ದರೆ ಆನ್‌ಲೈನಿನಲ್ಲಿ ತರಿಸಬೇಕು, ಉದ್ದವನ್ನು ಓದಿ ತರಿಸಿ.

ಮಳೆಗಾಲದಲ್ಲಿ ಚರ್ಮದ ಬೆಲ್ಟ್ ನಮ್ಮ ಕಡೆ ಬೂಸಲು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಬ್ಬರ್ ಅಥವಾ ನೈಲಾನ್ ಹಾಕಿಕೊಳ್ಳುವುದು ಬುದ್ಧಿವಂತಿಕೆ. ಆದರೆ ವಾಚಿನ ಅಡಿಯಲ್ಲಿ ಎರಡು ಪದರವಾಗಿ ಹಾದುಹೋಗುವ ನೈಲಾನ್ ಪಟ್ಟಿ ಸಣ್ಣ ಕೈಗೆ ಬೇಡ, ವಾಚನ್ನು ಎರಡು ಮೂರು ಮಿ.ಮೀ. ಮೇಲೆತ್ತಿಬಿಡುತ್ತದೆ. ಒಂದೇ ಪದರದ್ದು ತೆಗೆದುಕೊಳ್ಳಿ.

ಚೈನಿನ ಕೊಂಡಿಗಳನ್ನು ಯಾವ ಬದಿಯಿಂದ ತೆಗೆಯಬೇಕು?

ಬಕಲ್ ಮಣಿಕಟ್ಟಿನ ನಡುವೆ ಬರುವ ಹಾಗೆ. ಎರಡೂ ಬದಿಯಿಂದ ಸಮವಾಗಿ ತೆಗೆದು, ಬೆಸ ಸಂಖ್ಯೆ ಬಂದರೆ ಕಟ್ಟಿ ನೋಡಿ ನಿರ್ಧರಿಸುತ್ತೇವೆ. ತೆಗೆದ ಕೊಂಡಿಗಳನ್ನು ಕೇಳಿ ಪಡೆದು ಮನೆಯಲ್ಲಿಡಿ. ಇನ್ನು ಬಕಲ್ಲೇ 40 ಮಿ.ಮೀ. ಉದ್ದವಿದ್ದರೆ ಸಣ್ಣ ದುಂಡು ಕೈಯ ಅಡಿಯಲ್ಲಿ ಅದು ಬಾಗದೆ ಒತ್ತುತ್ತದೆ, ಎಷ್ಟು ಕೊಂಡಿ ತೆಗೆದರೂ ಪ್ರಯೋಜನವಿಲ್ಲ.

ಆನ್‌ಲೈನಿನಲ್ಲಿ ವ್ಯಾಸ ಮಾತ್ರ ಕೊಟ್ಟಿರುತ್ತಾರೆ. ಲಗ್-ಟು-ಲಗ್ ತಿಳಿಯುವುದು ಹೇಗೆ?

ನೇರ ಎದುರಿನಿಂದ ತೆಗೆದ ಚಿತ್ರವನ್ನು ದೊಡ್ಡದು ಮಾಡಿ, ಪರದೆಯ ಮೇಲೆಯೇ ಸ್ಕೇಲ್ ಇಟ್ಟು ಅಳೆಯಿರಿ. ಪರದೆಯಲ್ಲಿ ಕೇಸಿನ ಅಗಲ, ಕೀ ತಿರುಪನ್ನು ಬಿಟ್ಟು, 60 ಮಿ.ಮೀ. ಎಂದೂ ಲಗ್ ತುದಿಗಳ ನಡುವೆ 72 ಎಂದೂ ಬಂದರೆ, 72ನ್ನು 60ರಿಂದ ಭಾಗಿಸಿ: 1.2. ಕಂಪನಿ ಹೇಳಿದ ವ್ಯಾಸ 40 ಆದರೆ ಲಗ್-ಟು-ಲಗ್ 48. ಓರೆಯಾಗಿ ತೆಗೆದ ಚಿತ್ರದಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಸಿಕ್ಕಿದ ಉದ್ದಕ್ಕೆ ಒಂದು ರಟ್ಟಿನ ತುಂಡು ಕತ್ತರಿಸಿ, ಕೈಯ ಮೇಲಿಟ್ಟು ಕನ್ನಡಿಯಲ್ಲಿ ನೋಡಿ. ಗಲ್ಫಿನಿಂದ ತರಿಸುವವರು ಆ ಉದ್ದವನ್ನು ಬರೆದು ವಾಟ್ಸಾಪಿನಲ್ಲಿ ಕಳಿಸಿ, ತುದಿಯಿಂದ ತುದಿಗೆ ಇದಕ್ಕಿಂತ ಹೆಚ್ಚು ಇರಬಾರದು ಎಂದು ಹೇಳಿ. ಉಡುಗೊರೆ ಕೊಡುವವರಿಗೆ ಅಳತೆ ಹೇಳಲು ಸಂಕೋಚವೆನ್ನುತ್ತಾರೆ. ಅಂಗಿಗಾದರೆ ಹೇಳುತ್ತೇವಲ್ಲ.

ಫೋಟೋದಲ್ಲಿ ವಾಚ್ ತುಂಬ ದೊಡ್ಡದಾಗಿ ಕಾಣುತ್ತದೆ. ನಿಜವಾಗಿಯೂ ಹಾಗಿದೆಯೇ?

ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದಾಗ ಹತ್ತಿರದ ವಸ್ತು ಉಬ್ಬಿ ಕಾಣುತ್ತದೆ, ಮತ್ತು ವಾಚ್ ಕೈಗಿಂತ ಕ್ಯಾಮೆರಾಕ್ಕೆ ಹತ್ತಿರ. ತಲೆ ಬಗ್ಗಿಸಿ ನೋಡುವಾಗಲೂ ಸ್ವಲ್ಪ ಹೀಗೆಯೇ. ಎದುರಿನವರಿಗೆ ಕಾಣುವುದು ಬೇರೆ, ಆದ್ದರಿಂದ ಆಳೆತ್ತರದ ಕನ್ನಡಿಯ ಮುಂದೆ ನಾಲ್ಕಡಿ ದೂರ ನಿಂತು, ಕೈ ಇಳಿಬಿಟ್ಟು ನೋಡಿ. ಅಂಗಡಿಯಲ್ಲಿ ದೊಡ್ಡದೆಂದು ಬಿಟ್ಟ ಎಷ್ಟೋ ವಾಚುಗಳು ಕನ್ನಡಿಯಲ್ಲಿ ಸರಿಯಾಗಿಯೇ ಕಾಣುತ್ತವೆ.

ಲಗ್-ಟು-ಲಗ್ ಸರಿಯಿದೆ, ಆದರೂ ದೊಡ್ಡದೆನಿಸುತ್ತದೆ. ಯಾಕೆ?

ಆಗ ವ್ಯಾಸ, ಬಣ್ಣ, ಬೆಜೆಲ್‌ಗಳ ಸರದಿ. ಕಣ್ಣು ಅಳೆಯುವುದು ಹೆಚ್ಚಾಗಿ ಡಯಲನ್ನು. ಬೆಜೆಲ್ ತೆಳುವಾಗಿ ಬಿಳಿ ಡಯಲ್ ಅಂಚಿನವರೆಗೂ ಇದ್ದರೆ 38 ಕೂಡ ತಟ್ಟೆಯಷ್ಟು ಕಾಣುತ್ತದೆ, ದಪ್ಪ ಕಪ್ಪು ಬೆಜೆಲ್ ಇದ್ದರೆ 42 ಕೂಡ ಕುಗ್ಗುತ್ತದೆ. ಬೆಲ್ಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. 22 ಮಿ.ಮೀ. ಬೆಲ್ಟ್ ಸಣ್ಣ ಕೈಯನ್ನು ಮುಚ್ಚಿಬಿಡುತ್ತದೆ, 18 ಅಥವಾ ಬಕಲ್ ಕಡೆಗೆ ಕಿರಿದಾಗುತ್ತಾ ಹೋಗುವ 20 ಚೆನ್ನ. ಚೌಕಾಕಾರದ ವಾಚಿನಲ್ಲಿ ಮೂಲೆಗಳೂ ತುಂಬಿರುವುದರಿಂದ ಅದೇ ಸಂಖ್ಯೆಯ ದುಂಡು ವಾಚಿಗಿಂತ ದೊಡ್ಡದು ಕಾಣುತ್ತದೆ. ಕ್ಯಾಸಿಯೋ ಎಫ್-91ಡಬ್ಲ್ಯೂ ಸಣ್ಣ ಕೈಗೆ ಯಾವ ತಕರಾರೂ ಇಲ್ಲದೆ ಕೂರಲು ಕಾರಣ ಅದು 38.2 ಉದ್ದ, 35.2 ಅಗಲ, 8.5 ದಪ್ಪ ಮಾತ್ರ ಇರುವುದು.

35, 36 ಮಿ.ಮೀ. ವಾಚ್ ಗಂಡಸರಿಗೆ ಸಣ್ಣದಲ್ಲವೇ?

ನಿಮ್ಮ ತಂದೆಯವರ ಎಚ್‌ಎಂಟಿ ಜನತಾ ಮನೆಯಲ್ಲಿದ್ದರೆ ಸ್ಕೇಲ್ ಇಟ್ಟು ನೋಡಿ, ಸುಮಾರು 35 ಮಿ.ಮೀ. ಇರುತ್ತದೆ. ರೋಲೆಕ್ಸ್ ಎಕ್ಸ್‌ಪ್ಲೋರರ್ 1953ರಲ್ಲಿ 36 ಮಿ.ಮೀ. ಇತ್ತು, ನಡುವೆ 39ಕ್ಕೆ ಏರಿ 2021ರಲ್ಲಿ ಮತ್ತೆ 36ಕ್ಕೆ ಬಂತು.

ವಾಚಿನ ಕೀ ತಿರುಪು ಕೈಯ ಹಿಂಭಾಗಕ್ಕೆ ಚುಚ್ಚುತ್ತದೆ. ವಾಚ್ ದೊಡ್ಡದಾಗಿದೆಯೇ?

ಕೆಲವೊಮ್ಮೆ ಹೌದು, ಹೆಚ್ಚಿನ ಸಲ ಕಟ್ಟುವ ಜಾಗ ತಪ್ಪಾಗಿರುತ್ತದೆ. ಉಬ್ಬು ಎಲುಬನ್ನು ದಾಟಿ ಅಂಗೈಯ ಕಡೆಗೆ ಕಟ್ಟಿದರೆ ಕೈ ಮೇಲಕ್ಕೆ ಬಾಗಿದಾಗಲೆಲ್ಲ ತಿರುಪು ಒತ್ತುತ್ತದೆ, ಬೈಕ್ ಓಡಿಸುವವರಿಗೆ ಅದರ ಗುರುತೇ ಬಿದ್ದಿರುತ್ತದೆ. ಎಲುಬಿನ ಹಿಂದೆ, ಮೊಣಕೈ ಕಡೆಗೆ ಕಟ್ಟಿ, ಕೆಳಗೆ ಜಾರದಷ್ಟು ಬಿಗಿ ಮಾಡಿ. ಬೆಲ್ಟಿನ ಅಡಿಯಲ್ಲಿ ಕಿರುಬೆರಳಿನ ತುದಿ ಹೋಗುವಷ್ಟು ಸಡಿಲ ಇದ್ದರೆ ಸಾಕು. ಆಮೇಲೂ ಚುಚ್ಚಿದರೆ ವ್ಯಾಸ ಹೆಚ್ಚಾಗಿದೆ ಎಂದು ತಿಳಿಯಿರಿ.

ಬಲಗೈಗೆ ಕಟ್ಟಿದರೆ ಪರವಾಗಿಲ್ಲವೇ?

ಕಟ್ಟಬಹುದು. ತಿರುಪು ಮೊಣಕೈ ಕಡೆಗೆ ಬರುವುದರಿಂದ ಚುಚ್ಚುವ ತೊಂದರೆ ಹೋಗುತ್ತದೆ. ಹೆಚ್ಚು ಕೆಲಸ ಮಾಡುವ ಕೈ ಸಾಮಾನ್ಯವಾಗಿ ತುಸು ದಪ್ಪವಿರುವುದರಿಂದ ಎಡಗೈಯ ಅಳತೆಗೆ ಬೆಲ್ಟ್ ಕೊಳ್ಳಬೇಡಿ, ಬಲಗೈಯನ್ನು ಬೇರೆಯಾಗಿ ಅಳೆಯಿರಿ.